ಗೆಳತಿ ಕತ್ತರಿಸು ಅಂತಾಳೆ, ಮೇಷ್ಟ್ರು ಸೇರಿಸು ಅಂತಾರೆ: ಯಾರ ಮಾತು ಕೇಳಲಿ?

ಪ್ರಶ್ನೆ: ನನ್ನ ಕಥೆಯ ಕರಡನ್ನು ಗೆಳತಿಗೂ ಕೊಟ್ಟೆ, ಬರವಣಿಗೆ ಕಲಿಸಿದ ಮೇಷ್ಟ್ರಿಗೂ ಕೊಟ್ಟೆ. ಅವಳು ಕತ್ತರಿಸು ಅಂತಾಳೆ, ಇವರು ಸೇರಿಸು ಅಂತಾರೆ. ಯಾರ ಮಾತು ಕೇಳಲಿ?

ಇಬ್ಬರ ಮಾತನ್ನೂ ಕೇಳಿ ಕಥೆ ಕೆಡಿಸಿಕೊಂಡವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಅಣ್ಣತಮ್ಮಂದಿರ ಕಥೆ. ಅಪ್ಪ ತೀರಿಕೊಂಡಿದ್ದಾರೆ, ಮನೆ ಖಾಲಿ ಮಾಡಬೇಕು. ಸಾಮಾನು ಹಂಚಿಕೊಳ್ಳುವಾಗ ಒಂದು ಹಳೇ ರೇಡಿಯೋ ವಿಷಯಕ್ಕೆ ಜಗಳ ಹತ್ತಿಕೊಳ್ಳುತ್ತದೆ. ಹತ್ತು ಪುಟದ ಕಥೆಯಲ್ಲಿ ಆ ಜಗಳವೇ ನಾಲ್ಕು ಪುಟ. ಗೆಳೆಯ ಓದಿ, "ಜಗಳ ತುಂಬಾ ಎಳೆದಿದ್ದೀಯ ಕಣೋ, ಅರ್ಧ ಕತ್ತರಿಸು" ಅಂದ. ಮೇಷ್ಟ್ರು ಓದಿ, "ತಮ್ಮನ ಸಿಟ್ಟು ನಂಬೋಕಾಗಲ್ಲಪ್ಪ. ಚಿಕ್ಕಂದಿನದು ಒಂದು ಫ್ಲ್ಯಾಶ್‌ಬ್ಯಾಕ್ ಹಾಕು, ಹಳೇ ವೈಮನಸ್ಸು ತೋರಿಸು" ಅಂದರು.

ನಾನು ಎರಡನ್ನೂ ಮಾಡಿದೆ. ಜಗಳವನ್ನು ಎರಡು ಪುಟಕ್ಕೆ ಇಳಿಸಿದೆ, ಮಧ್ಯಕ್ಕೆ ಎರಡು ಪುಟ ಬಾಲ್ಯ ತುರುಕಿದೆ. ಜಗಳ ಇನ್ನೇನು ಕಾವೇರಬೇಕು ಅನ್ನುವಾಗ ಕಥೆ ಬಾಲ್ಯಕ್ಕೆ ಓಡುತ್ತಿತ್ತು. ವಾಪಸ್ ಬರುವಷ್ಟರಲ್ಲಿ ಎಲ್ಲಾ ತಣ್ಣಗಾಗಿರುತ್ತಿತ್ತು. ಒಂದು ಸ್ಪರ್ಧೆಗೆ ಕಳಿಸಿದೆ, ಆಯ್ಕೆಯಾಗಲಿಲ್ಲ.

ಎಲ್ಲಿ ಎಡವಿದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮಗೆ ಬೇಕಾಗಿರುವುದು ಇದೇ. ಓದಿದವರು ಹೇಳುವ ಮಾತಿನಲ್ಲಿ ಎರಡು ಭಾಗ ಇರುತ್ತದೆ. ಓದುವಾಗ ತಮಗೆ ಏನಾಯಿತು ಅನ್ನುವುದು ಒಂದು. ನೀವು ಏನು ಮಾಡಬೇಕು ಅನ್ನುವುದು ಇನ್ನೊಂದು. ಮೊದಲನೆಯದು ತಪ್ಪಾಗುವುದಕ್ಕೆ ಸಾಧ್ಯವೇ ಇಲ್ಲ. ಐದನೇ ಪುಟದಲ್ಲಿ ಗೆಳೆಯನಿಗೆ ಬೇಜಾರಾಯಿತು ಅಂದರೆ ಆಯಿತು, ಆಗಿಲ್ಲ ಅಂತ ನಾನು ವಾದ ಮಾಡೋಕಾಗುತ್ತಾ? ಎರಡನೆಯದು ಬರೀ ಊಹೆ. ನಿಮ್ಮ ತಲೆಯಲ್ಲಿ ಏನಿತ್ತು ಅಂತ ಅವರಿಗೆ ಗೊತ್ತಿಲ್ಲ, ಹಾಳೆಯ ಮೇಲೆ ಇರುವುದಷ್ಟೇ ಗೊತ್ತು. ಹಾಗಾಗಿ ತೊಂದರೆ ಎಲ್ಲಿ ಕಾಣಿಸಿತೋ ಅಲ್ಲೇ ರಿಪೇರಿ ಮಾಡು ಅಂತಾರೆ. ಆದರೆ ಕಥೆಯನ್ನು ಮೊದಲಿನಿಂದ ಓದಿಕೊಂಡು ಬರುತ್ತಾರೆ, ಅಲ್ವಾ? ಐದನೇ ಪುಟದ ಬೇಜಾರಿನ ಬೇರು ಎಷ್ಟೋ ಸಲ ಒಂದನೇ ಪುಟದಲ್ಲಿ ಇರುತ್ತದೆ. ನಾನು ಇಬ್ಬರಿಂದಲೂ ಊಹೆಯನ್ನು ತೆಗೆದುಕೊಂಡೆ, ಅನುಭವವನ್ನು ಅಲ್ಲೇ ಬಿಟ್ಟುಬಿಟ್ಟೆ.

ಅದು ಗೊತ್ತಾಗಿದ್ದು ಮೂರನೆಯವರೊಬ್ಬರಿಂದ. ನನ್ನ ಜೊತೆ ಕೆಲಸ ಮಾಡುವವರು, ಕಥೆ ಓದುತ್ತಾರೆ, ಬರೆಯುವುದಿಲ್ಲ. ಅವರನ್ನು ಹೇಗಿದೆ ಅಂತ ಕೇಳಲಿಲ್ಲ. "ಹಾಳೆ ಮುಚ್ಚಿಟ್ಟು ಈ ಕಥೆಯನ್ನ ನನಗೆ ಹೇಳಿ" ಅಂದೆ. "ಇಬ್ಬರು ಆಸ್ತಿಗೆ ಜಗಳ ಆಡ್ತಾರೆ. ತಮ್ಮ ಸ್ವಲ್ಪ ಆಸೆಬುರುಕ" ಅಂದರು. ನನಗೆ ಎದೆ ಧಸಕ್ಕೆಂದಿತು. ನನ್ನ ಮನಸ್ಸಿನಲ್ಲಿದ್ದ ತಮ್ಮ, ಅಪ್ಪ ಹಾಸಿಗೆ ಹಿಡಿದು ಕಣ್ಣೂ ಕಾಣದಂತಾದಾಗ ದಿನಾ ರಾತ್ರಿ ಆ ರೇಡಿಯೋವನ್ನು ದಿಂಬಿನ ಪಕ್ಕ ಇಟ್ಟು, ಅವರಿಗೆ ನಿದ್ದೆ ಹತ್ತುವವರೆಗೂ ಕೂತಿರುತ್ತಿದ್ದವನು! ಯಾವ ಸಾಲು ಓದಿ ಹಾಗನ್ನಿಸಿತು ಅಂತ ಕೇಳಿದೆ. ಅವರು ಮೊದಲನೇ ಪುಟ ತೋರಿಸಿದರು: "ಹಾಲ್‌ನಲ್ಲಿ ಎರಡು ಕುರ್ಚಿ, ಒಂದು ಗೋಡೆ ಗಡಿಯಾರ, ಹಳೇ ರೇಡಿಯೋ, ಒಂದು ಟ್ರಂಕು ಇದ್ದವು."

ಅಷ್ಟೇ. ರೇಡಿಯೋವನ್ನು ನಾನು ಸಾಮಾನಿನ ಪಟ್ಟಿಯಲ್ಲಿ ಸೇರಿಸಿಬಿಟ್ಟಿದ್ದೆ. ಅಪ್ಪನ ರಾತ್ರಿಗಳ ವಿಷಯ ಎಂಟನೇ ಪುಟದಲ್ಲಿ ಅರ್ಧ ಸಾಲು. ನನಗೆ ಅದು ಎಷ್ಟು ಚೆನ್ನಾಗಿ ಗೊತ್ತಿತ್ತು ಅಂದರೆ ಬರೆದಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಇವರು ಯಾತಕ್ಕೆ ಕಿತ್ತಾಡುತ್ತಿದ್ದಾರೆ ಅಂತ ತಿಳಿಯದೆ ಗೆಳೆಯನಿಗೆ ಜಗಳ ಉದ್ದ ಅನ್ನಿಸಿತ್ತು. ಅದೇ ಕಾರಣಕ್ಕೆ ಮೇಷ್ಟ್ರಿಗೆ ಸಿಟ್ಟು ಸುಳ್ಳು ಅನ್ನಿಸಿತ್ತು. ಒಬ್ಬರು ಕತ್ತರಿಸು, ಒಬ್ಬರು ಸೇರಿಸು ಅಂದಿದ್ದರೂ ಇಬ್ಬರೂ ಮುಗ್ಗರಿಸಿದ್ದು ಒಂದೇ ಕಡೆ. ಹಾಗಾಗಿ ಯಾರ ಮಾತು ಕೇಳಲಿ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೇಷ್ಟ್ರು ಇನ್ನೊಂದು ಮಾತು ಹೇಳಿದ್ದರು: "ವಾಲ್ವ್ ರೇಡಿಯೋ ಸ್ವಿಚ್ ಹಾಕಿದ ತಕ್ಷಣ ಮಾತಾಡಲ್ಲ ಕಣಯ್ಯ, ಬಿಸಿಯಾಗಬೇಕು." ಇಂಥದ್ದನ್ನು ಮರುಮಾತಿಲ್ಲದೆ ಒಪ್ಪಿಕೊಳ್ಳಿ. ವಸ್ತು, ಕಾಲ, ಲೆಕ್ಕ, ಭಾಷೆಯ ತಪ್ಪುಗಳ ಬಗ್ಗೆ ತಿಳಿದವರು ಹೇಳಿದರೆ ಅಲ್ಲಿ ಊಹೆ ಇರುವುದಿಲ್ಲ. ನನಗಂತೂ ಕಥೆಯ ಬಾಗಿಲು ತೆರೆದಿದ್ದೇ ಆ ಮಾತಿನಿಂದ. ಮೊದಲನೇ ಪುಟದ ಪಟ್ಟಿ ತೆಗೆದು ಹೀಗೆ ಬರೆದೆ: ಅಣ್ಣ ರೇಡಿಯೋ ಸ್ವಿಚ್ ಹಾಕುತ್ತಾನೆ. ಸದ್ದಿಲ್ಲ. "ಕೆಟ್ಟುಹೋಗಿದೆ, ಗುಜರಿಗೆ ಹಾಕೋಣ" ಅನ್ನುತ್ತಾನೆ. ತಮ್ಮ, "ಸ್ವಲ್ಪ ತಡಿ, ಅಪ್ಪನೂ ದಿನಾ ಕಾಯ್ತಿದ್ರು" ಅನ್ನುತ್ತಾನೆ. ನಿಧಾನವಾಗಿ ದನಿ ಬರುತ್ತದೆ. ಆ ರೇಡಿಯೋ ಹತ್ತಿರ ಯಾರು ಕೂತಿದ್ದರು, ಯಾರು ಕೂತಿರಲಿಲ್ಲ ಅನ್ನುವುದು ಓದುಗರಿಗೆ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಫ್ಲ್ಯಾಶ್‌ಬ್ಯಾಕ್ ಕಿತ್ತುಹಾಕಿ ಜಗಳವನ್ನು ಮತ್ತೆ ನಾಲ್ಕು ಪುಟ ಮಾಡಲು ಕೂತೆ. ನಿಜವಾದ ನಷ್ಟ ಗೊತ್ತಾಗಿದ್ದು ಆಗ. ಹಳೇ ಫೈಲ್ ಮೇಲೆಯೇ ತಿದ್ದಿ ಸೇವ್ ಮಾಡಿದ್ದೆ. ನೆನಪಿನಿಂದ ಬರೆಯಬೇಕಾಯಿತು, ಒಳ್ಳೊಳ್ಳೆ ಮಾತುಗಳು ಕೆಲವು ಮತ್ತೆ ಬರಲೇ ಇಲ್ಲ. ಒಂದು ಪದ ತಿದ್ದುವ ಮುಂಚೆಯೂ ಕರಡನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ, ದಯವಿಟ್ಟು.

ಹೊಸದನ್ನು ಮೊದಲು ಓದಿರದ ಒಬ್ಬರಿಗೆ ಕೊಟ್ಟೆ. ಒಬ್ಬರಿಗೆ ಮೊದಲ ಓದು ಸಿಗುವುದು ಒಂದೇ ಸಲ. ಅದಕ್ಕೇ ಇರುವ ಓದುಗರಿಗೆಲ್ಲ ಮೊದಲ ಕರಡನ್ನೇ ಹಂಚಿಬಿಡಬೇಡಿ. ಅವರಿಗೆ ಪೆನ್ಸಿಲ್ ಕೊಟ್ಟು ಇಷ್ಟೇ ಹೇಳಿದೆ: ಮನಸ್ಸು ಬೇರೆ ಕಡೆ ಹೋದಲ್ಲಿ ಒಂದು ಗೀಟು, ಎರಡನೇ ಸಲ ಓದಬೇಕಾದಲ್ಲಿ ಪ್ರಶ್ನಾರ್ಥಕ ಚಿಹ್ನೆ, ನಂಬಿಕೆ ಬರದಿದ್ದಲ್ಲಿ ಒಂದು ಇಂಟು. ಕಥೆ ಯಾವುದರ ಬಗ್ಗೆ ಅಂತ ಮೊದಲೇ ಹೇಳಲಿಲ್ಲ. ಹೇಳಿಬಿಟ್ಟರೆ ಹಾಳೆಯಲ್ಲಿ ಇಲ್ಲದ್ದೂ ಅವರಿಗೆ ಕಾಣಿಸೋಕೆ ಶುರುವಾಗುತ್ತದೆ. ಜಗಳದ ನಾಲ್ಕು ಪುಟದಲ್ಲಿ ಒಂದು ಗೀಟೂ ಬಿದ್ದಿರಲಿಲ್ಲ.

ಎಲ್ಲಾ ಸಲಹೆಯೂ ಹೀಗೆ ಬೇರೆಲ್ಲೋ ಬೆರಳು ಮಾಡುತ್ತದೆ ಅಂತಲ್ಲ. ಕೊನೆಯಲ್ಲಿ ಅಣ್ಣತಮ್ಮ ರಾಜಿಯಾಗಲಿ ಅಂತ ಗೆಳೆಯ ಹೇಳಿದ್ದ. ಯಾಕೆ ಅಂತ ಕೇಳಿದಾಗ ಯಾವ ಸಾಲನ್ನೂ ತೋರಿಸಲಿಲ್ಲ, ತನಗೆ ಅಂಥ ಕಥೆ ಇಷ್ಟ ಅಂದ. ಅದು ಅವನ ಕಥೆ, ನನ್ನದಲ್ಲ. ಪ್ರೀತಿಯಿಂದಲೇ ಬಿಟ್ಟುಬಿಟ್ಟೆ.

ನೀವು ಈಗ ಏನನ್ನೂ ತಿದ್ದಬೇಡಿ. ಗೆಳತಿಯನ್ನೂ ಮೇಷ್ಟ್ರನ್ನೂ ಇನ್ನೊಮ್ಮೆ ಮಾತಾಡಿಸಿ. ಕತ್ತರಿಸು, ಸೇರಿಸು ಅನ್ನುವುದು ಪಕ್ಕಕ್ಕಿರಲಿ, ಆ ಜಾಗ ಓದುವಾಗ ಏನನ್ನಿಸಿತು ಅಂತ ಕೇಳಿ. ನನ್ನ ಮೇಷ್ಟ್ರನ್ನು ಆಮೇಲೆ ಹಾಗೆ ಕೇಳಿದಾಗ, "ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಸಿಟ್ಟಾ ಅನ್ನಿಸಿತು" ಅಂದರು. ಮೊದಲೇ ಕೇಳಿದ್ದರೆ ನಾನು ನೇರ ಒಂದನೇ ಪುಟಕ್ಕೆ ಹೋಗಿರುತ್ತಿದ್ದೆ. ನಿಮ್ಮ ಇಬ್ಬರೂ ಬೇರೆ ಬೇರೆ ಪುಟ ತೋರಿಸಿದರೆ ಮುಂಚೆ ಬರುವ ಪುಟವನ್ನು ಮೊದಲು ಸರಿಮಾಡಿ, ಆಮೇಲೆ ಹೊಸಬರೊಬ್ಬರಿಗೆ ಓದೋಕೆ ಕೊಡಿ. ಹಿಂದಿನ ಪುಟ ಸರಿಯಾದರೆ ಮುಂದಿನದರ ಮೇಲಿದ್ದ ದೂರು ಎಷ್ಟೋ ಸಲ ತಾನಾಗೇ ಹೋಗಿರುತ್ತದೆ.