ಬಾಯಿ ಉರಿ ಯಾವಾಗ ಬರುತ್ತದೆ, ಯಾವಾಗ ಬಿಡುತ್ತದೆ?

ಪ್ರಶ್ನೆ: ಅಮ್ಮನಿಗೆ 51 ವರ್ಷ. ಆರು ತಿಂಗಳಿಂದ ನಾಲಿಗೆ, ತುಟಿ ಉರಿ ಅಂತಾರೆ. ನೋಡಿದರೆ ಏನೂ ಕಾಣಲ್ಲ. ಬಿ ಕಾಂಪ್ಲೆಕ್ಸ್ ಮಾತ್ರೆ ಮೂರು ಸಲ ಆಯ್ತು. ಎಲ್ಲರೂ ಉಷ್ಣ ಅಂತಾರೆ. ಕ್ಯಾನ್ಸರ್ ಇರಬಹುದಾ ಅಂತ ಅಮ್ಮನಿಗೆ ಭಯ. ಯಾಕೆ ಹೀಗೆ? ಔಷಧ ಇದೆಯಾ?

ನಾನು ದಂತವೈದ್ಯೆ. ಬಾಯಿಯ ಒಳಗಿನ ಕಾಯಿಲೆಗಳನ್ನು ನೋಡುವ ಓರಲ್ ಮೆಡಿಸಿನ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮುಟ್ಟು ನಿಲ್ಲುವ ಹೊತ್ತಿನ, ನಿಂತು ಕೆಲವು ವರ್ಷವಾದ ಹೆಂಗಸರಲ್ಲಿ ಈ ಉರಿ ಜಾಸ್ತಿ. ಎಷ್ಟೋ ಜನ ಮನೆಯಲ್ಲಿ ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿರುತ್ತಾರೆ. ನೀವು ಅಮ್ಮನ ಮಾತು ನಂಬಿ ಇಲ್ಲಿ ಕೇಳಿದ್ದು ನನಗೆ ತುಂಬಾ ಸಮಾಧಾನ ತಂದಿತು.

ಮೊದಲು ಅವರನ್ನು ಒಂದೇ ವಿಷಯ ಕೇಳಿ. ಊಟ ಮಾಡುವಾಗ ಉರಿ ಏರುತ್ತದಾ, ಇಳಿಯುತ್ತದಾ?

ಸಾರು, ಚಟ್ನಿ, ಉಪ್ಪಿನಕಾಯಿ ಮುಟ್ಟಿದ ತಕ್ಷಣ ಉರಿ, ಉಳಿದ ಹೊತ್ತು ಆರಾಮ ಎಂದರೆ ಬಾಯಿಯ ಮೇಲ್ಪದರಕ್ಕೇ ಏನೋ ಆಗಿರುವ ಸಾಧ್ಯತೆ ಹೆಚ್ಚು. ಕಬ್ಬಿಣಾಂಶ ಅಥವಾ ಬಿ12 ಕಡಿಮೆಯಾಗಿ ನಾಲಿಗೆ ನುಣುಪಾಗಿರಬಹುದು. ಸಕ್ಕರೆ ಕಾಯಿಲೆಯಿಂದಲೋ ಒಣ ಬಾಯಿಯಿಂದಲೋ ಫಂಗಸ್ ಬಂದಿರಬಹುದು. ಕೆನ್ನೆಯ ಒಳಗೆ ಬಲೆಯಂಥ ಬಿಳಿ ಗೆರೆ ಮೂಡುವ ಲೈಕೆನ್ ಪ್ಲೇನಸ್ ಇರಬಹುದು. ನಮ್ಮ ಕಡೆ ಮರೆಯಬಾರದ ಇನ್ನೊಂದು ಅಡಿಕೆ. ಊಟದ ಮೇಲೆ ಒಂದೇ ಒಂದು ಎಲೆಅಡಿಕೆ ಅಂತ ವರ್ಷಗಟ್ಟಲೆ ಹಾಕಿದವರಿಗೆ ಕೆನ್ನೆಯ ಒಳಭಾಗ ಬಿಳಿಚಿ ಬಿಗಿಯಾಗುತ್ತದೆ, ಖಾರ ತಡೆಯುವುದಿಲ್ಲ. ಅವರದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಡಲು ಹೇಳಿ. ಬಾಯಿ ಅಷ್ಟು ತೆರೆಯದಿದ್ದರೆ ಅಡಿಕೆ ಅಂದೇ ಬಿಡಬೇಕು, ಬೇಗ ತೋರಿಸಬೇಕು. ಅದು ಮುಂದೆ ಕ್ಯಾನ್ಸರ್ ಆಗಬಲ್ಲ ಸ್ಥಿತಿ.

ಇನ್ನೊಂದು ಬಗೆ ಇದಕ್ಕೆ ಉಲ್ಟಾ. ಬೆಳಿಗ್ಗೆ ಏಳುವಾಗ ಹೆಚ್ಚೇನೂ ಇರುವುದಿಲ್ಲ. ಮಧ್ಯಾಹ್ನ ಶುರುವಾಗಿ ಸಂಜೆಗೆ ಏರುತ್ತದೆ. ಬಿಸಿ ಕಾಫಿಗೆ ಸುಟ್ಟುಕೊಂಡ ಹಾಗೆ ನಾಲಿಗೆಯ ತುದಿ, ಅಂಚು, ಕೆಳತುಟಿಯ ಒಳಭಾಗ ಉರಿಯುತ್ತದೆ. ಬಾಯಿ ಕಹಿ ಕಹಿ, ಇಲ್ಲವೇ ಕಬ್ಬಿಣ ನೆಕ್ಕಿದ ರುಚಿ. ಆದರೆ ಊಟಕ್ಕೆ ಕೂತರೆ, ಏನಾದರೂ ಚಪ್ಪರಿಸುತ್ತಿದ್ದರೆ ಉರಿ ಇಳಿಯುತ್ತದೆ. ಇದು ಹೆಚ್ಚಾಗಿ ನರದ ತೊಂದರೆ. ಇಂಥವರ ನಾಲಿಗೆಯಿಂದ ಚೂರು ತೆಗೆದು ನೋಡಿದಾಗ ಮೇಲ್ಪದರದ ಸಣ್ಣ ನರದ ಎಳೆಗಳು ಕಡಿಮೆಯಾಗಿರುವುದು ಕಂಡಿದೆ. ಚರ್ಮ ಚೆನ್ನಾಗಿಯೇ ಇರುತ್ತದೆ, ಸುದ್ದಿ ಒಯ್ಯುವ ತಂತಿ ಮಾತ್ರ ಕೆಟ್ಟಿರುತ್ತದೆ. ಅದಕ್ಕೇ ಟಾರ್ಚ್ ಹಾಕಿ ನೋಡಿದರೂ ಏನೂ ಕಾಣುವುದಿಲ್ಲ. ಇದಕ್ಕೆ ಬರ್ನಿಂಗ್ ಮೌತ್ ಸಿಂಡ್ರೋಮ್ ಎನ್ನುತ್ತೇವೆ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು, ಮೂರು ತಿಂಗಳಿಗಿಂತ ಹೆಚ್ಚು ಕಾಲ ಉರಿ ಇದ್ದು, ಬೇರೆ ಕಾರಣ ಯಾವುದೂ ಸಿಗದಿದ್ದಾಗ ಮಾತ್ರ ಈ ಹೆಸರು ಕೊಡಬೇಕು. ಪರೀಕ್ಷೆ ಮಾಡಿಸದೆ ಯಾರಾದರೂ ಈ ಹೆಸರು ಹೇಳಿದರೆ ಒಪ್ಪಬೇಡಿ.

ಎರಡೂ ಒಟ್ಟಿಗೆ ಇರಬಹುದು. ನಾನು ನೋಡಿದ ಒಬ್ಬರ ವಿಷಯ ಹೇಳುತ್ತೇನೆ. 48 ವರ್ಷ, ಶಾಲೆಯಲ್ಲಿ ಟೀಚರ್. ಎಂಟು ತಿಂಗಳ ಉರಿ. ಎಳನೀರು, ಮೆಂತ್ಯ, ಬೆಣ್ಣೆ ಎಲ್ಲಾ ಆಗಿತ್ತು. ಒಂದು ಕಡೆ ಒಳ್ಳೆಯ ಹಲ್ಲೊಂದನ್ನು ಕಿತ್ತಿದ್ದರು, ಉರಿ ಹಾಗೇ ಉಳಿಯಿತು. ನನ್ನ ಬಳಿ ಬಂದಾಗ ಖಾರಕ್ಕೂ ಉರಿ, ಸಂಜೆಗೂ ಉರಿ. ನಾಲಿಗೆಯ ಅಂಚು ಸ್ವಲ್ಪ ನುಣುಪಾಗಿತ್ತು. ಹಿಮೋಗ್ಲೋಬಿನ್ 11.9 ಇತ್ತು, ಅದನ್ನು ನೋಡಿ ಮೊದಲಿನವರು ಪರವಾಗಿಲ್ಲ ಅಂದಿದ್ದರು. ನಾವು ಫೆರಿಟಿನ್ ಮಾಡಿಸಿದೆವು, ಬರೀ 8. ಅಂದರೆ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿತ್ತು. ಬಿ12 ಕೂಡ 165 ಮಾತ್ರ. ಸಕ್ಕರೆ, ಥೈರಾಯ್ಡ್ ಸರಿಯಿತ್ತು. ಎರಡು ವರ್ಷದಿಂದ ಮುಟ್ಟು ವಿಪರೀತ ಹೋಗುತ್ತಿದೆ ಎಂದು ಕೇಳಿದ ಮೇಲಷ್ಟೇ ಹೇಳಿದರು. ಸ್ತ್ರೀರೋಗ ತಜ್ಞರ ಬಳಿ ಕಳಿಸಿದೆ. ಮುಟ್ಟು ನಿಂತ ಮೇಲೂ ಕಬ್ಬಿಣ ಕಡಿಮೆ ಬಂದರೆ ಸುಮ್ನೆ ಮಾತ್ರೆ ನುಂಗಬಾರದು, ಹೊಟ್ಟೆ ಕರುಳಲ್ಲಿ ರಕ್ತ ಸೋರುತ್ತಿದೆಯಾ ಎಂದು ಫಿಜಿಷಿಯನ್ ನೋಡಬೇಕು.

ಅವರಿಗೆ ಕಬ್ಬಿಣದ ಮಾತ್ರೆ, ಬಿ12 ಇಂಜೆಕ್ಷನ್ ಕೊಟ್ಟೆವು. ಮಾತ್ರೆಯ ಹಿಂದೆಮುಂದೆ ಕಾಫಿ, ಟೀ ಬೇಡ ಅಂದೆವು, ಕಬ್ಬಿಣ ಹೀರುವುದನ್ನು ಅವು ತಡೆಯುತ್ತವೆ. ಮೂರು ತಿಂಗಳಲ್ಲಿ ಖಾರದ ಉರಿ ಹೋಯಿತು. ಸಂಜೆಯ ಉರಿ ಮಾತ್ರ ಹಾಗೇ ಇತ್ತು, ಹತ್ತಕ್ಕೆ ಎಂಟು ಅಂತಿದ್ದರು. ಆಗ ಕ್ಲೋನಾಜೆಪಾಮ್ ಮಾತ್ರೆ ಶುರು ಮಾಡಿದೆವು. ಇದನ್ನು ನುಂಗುವುದಲ್ಲ. ಉರಿ ಇರುವ ಕಡೆ ಇಟ್ಟು ಮೂರು ನಿಮಿಷ ಚೀಪಿ, ಎಂಜಲು ನುಂಗದೆ ಉಗಿಯಬೇಕು. ನಾಲಿಗೆಯ ನರದ ಮೇಲೆ ಅಲ್ಲೇ ಕೆಲಸ ಆಗಲಿ ಎಂಬುದು ಉದ್ದೇಶ. ಅವರಿಗೆ ರಾತ್ರಿ ಒಂದರಿಂದ ಶುರು ಮಾಡಿ, ಆಮೇಲೆ ದಿನಕ್ಕೆ ಮೂರು ಸಲಕ್ಕೆ ಏರಿಸಿದೆವು. ಒಂದು ತಿಂಗಳಿಗೆ ಎಂಟು ಇದ್ದದ್ದು ಮೂರಕ್ಕೆ ಬಂತು. ಪೂರ್ತಿ ಹೋಗಲಿಲ್ಲ, ಆದರೆ ಪಾಠ ಮಾಡುವಾಗ ನೆನಪಾಗುವುದಿಲ್ಲ ಅಂದರು.

ಈ ಮಾತ್ರೆಯನ್ನು ಡಾಕ್ಟರ್ ಚೀಟಿ ಇಲ್ಲದೆ ತರಬೇಡಿ. ಉಗಿದರೂ ಸ್ವಲ್ಪ ರಕ್ತಕ್ಕೆ ಸೇರುತ್ತದೆ, ಮಂಪರು ಬರುತ್ತದೆ, ಸ್ಕೂಟರ್ ಓಡಿಸುವವರು ಎಚ್ಚರ. ರೂಢಿಯಾಗುವ ಔಷಧವೂ ಹೌದು, ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಇದು ಹಿಡಿಸದವರಿಗೆ ಗ್ಯಾಬಾಪೆಂಟಿನ್ ಥರದ ನರದ ಮಾತ್ರೆ ಕೊಡುತ್ತಾರೆ. ಅಮಿಟ್ರಿಪ್ಟಿಲಿನ್ ಕೂಡ ಕೊಡುವುದುಂಟು, ಆದರೆ ಅದು ಬಾಯಿ ಒಣಗಿಸುತ್ತದೆ. ಆಲ್ಫಾ ಲಿಪೊಯಿಕ್ ಆಸಿಡ್ ಕೆಲವರಿಗೆ ಕೆಲಸ ಮಾಡುತ್ತದೆ, ಕೆಲವರಿಗೆ ಏನೂ ಇಲ್ಲ. ಆತಂಕ, ನಿದ್ದೆಗೇಡು ಇದ್ದವರಿಗೆ ಕೌನ್ಸೆಲಿಂಗ್ ಸೇರಿಸಿದರೆ ಉರಿಯೂ ಇಳಿಯಬಹುದು. ಹಾಗಂತ ಅದು ಮನಸ್ಸಿನ ಭ್ರಮೆ ಎಂದಲ್ಲ, ಇದನ್ನು ಅಮ್ಮನಿಗೆ ಖಂಡಿತ ಹೇಳಿ.

ಮನೆಯಲ್ಲಿ ಈಗಲೇ ಮಾಡಬಹುದಾದ್ದು ಒಂದಿದೆ. ಖಾರದ ಪುದೀನ, ದಾಲ್ಚಿನ್ನಿ ಘಾಟಿನ ಪೇಸ್ಟ್ ಬಿಟ್ಟು, ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಪೇಸ್ಟ್ ಎರಡು ವಾರ ಬಳಸಿ ನೋಡಲಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡವೇ ಬೇಡ. ಅವರು ನುಂಗುವ ಎಲ್ಲಾ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ಡಾಕ್ಟರಿಗೆ ತೋರಿಸಿ. ಬಿಪಿಯ ಎನಾಲಾಪ್ರಿಲ್, ಲಿಸಿನೋಪ್ರಿಲ್ ಕೆಲವರಿಗೆ ಬಾಯಿ ಉರಿಸುತ್ತವೆ. ಸಕ್ಕರೆಯ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯುತ್ತದೆ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ಇನ್ನು ಕ್ಯಾನ್ಸರ್ ಭಯ. ನರದ ಈ ಉರಿ ಕ್ಯಾನ್ಸರ್ ಅಲ್ಲ, ಆಗುವುದೂ ಇಲ್ಲ. ಆದರೆ ಎರಡು ಮೂರು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಒಂದೇ ಪಕ್ಕದ ಉರಿ, ಜೋಮು, ಕುತ್ತಿಗೆಯಲ್ಲಿ ಗಂಟು, ನುಂಗಲು ಕಷ್ಟ, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ಇಲ್ಲದಿದ್ದರೂ ಒಮ್ಮೆ ಬಾಯಿಯ ಪೂರ್ತಿ ತಪಾಸಣೆ ಆಗಲಿ. ಹತ್ತಿರದ ಡೆಂಟಲ್ ಕಾಲೇಜಿನಲ್ಲಿ ಓರಲ್ ಮೆಡಿಸಿನ್ ವಿಭಾಗ ಕೇಳಿ ಹೋಗಿ. ಹೋಗುವ ಮೊದಲು ಒಂದು ವಾರ, ಬೆಳಿಗ್ಗೆ, ಊಟದ ಹೊತ್ತು, ಸಂಜೆ ಉರಿ ಹತ್ತಕ್ಕೆ ಎಷ್ಟು ಅಂತ ಅಮ್ಮ ಒಂದು ಚೀಟಿಯಲ್ಲಿ ಬರೆದಿಡಲಿ. ಅದರ ಜೊತೆಗೆ ಸಿಬಿಸಿ, ಫೆರಿಟಿನ್, ಬಿ12, ಸಕ್ಕರೆ, ಟಿಎಸ್‌ಎಚ್ ರಿಪೋರ್ಟ್ ಇದ್ದರೆ ಮೊದಲ ದಿನವೇ ಅರ್ಧ ಕೆಲಸ ಮುಗಿಯುತ್ತದೆ. ಬಿ ಕಾಂಪ್ಲೆಕ್ಸ್ ನಾಲ್ಕನೇ ಸಲ ಶುರು ಮಾಡುವ ಮೊದಲೇ ರಕ್ತ ಕೊಡಿ, ಮಾತ್ರೆ ನುಂಗಿದ ಮೇಲೆ ಬಿ12 ಸಂಖ್ಯೆ ಏರಿ ನಿಜವಾದ ಕೊರತೆ ಮುಚ್ಚಿಹೋಗಬಹುದು.