14 ದಿನದ ಕೋರ್ಸ್ ಮುಗಿದ ಮೇಲೆ ಎಚ್. ಪೈಲೋರಿ ಟೆಸ್ಟ್

"ಎಂಡೋಸ್ಕೋಪಿಯಲ್ಲಿ ಅಲ್ಸರ್, ಎಚ್. ಪೈಲೋರಿ ಪಾಸಿಟಿವ್ ಅಂತ ಬಂತು. 14 ದಿನ ಮಾತ್ರೆ ಮುಗಿಸಿದೆ, ಈಗ ನೋವಿಲ್ಲ. ಮತ್ತೆ ಟೆಸ್ಟ್ ಬೇಕಾ? ಬ್ಲಡ್ ಟೆಸ್ಟ್ ಸಾಕಾ?"

ಟೆಸ್ಟ್ ಬೇಕೇ ಬೇಕು, ಆದರೆ ಬ್ಲಡ್ ಟೆಸ್ಟ್ ಅಲ್ಲ. ಎಚ್. ಪೈಲೋರಿ ಅಂದರೆ ಹೊಟ್ಟೆಯಲ್ಲಿ ಸೇರಿಕೊಂಡು ಅಲ್ಸರ್ ತರುವ ಬ್ಯಾಕ್ಟೀರಿಯಾ. ರಕ್ತದಲ್ಲಿ ಸಿಗುವುದು ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ. ಬ್ಯಾಕ್ಟೀರಿಯಾ ಸತ್ತ ಮೇಲೂ ಅದು ಬಹಳ ಕಾಲ ಉಳಿದಿರುತ್ತದೆ. ಉಸಿರಿನ ಟೆಸ್ಟ್ ಅಥವಾ ಮಲದಲ್ಲಿ ಬ್ಯಾಕ್ಟೀರಿಯಾದ ಅಂಶವನ್ನೇ ಹುಡುಕುವ ಆಂಟಿಜೆನ್ ಟೆಸ್ಟ್ ಮಾಡಿಸಿ. ನೋವು ಹೋಗಿದ್ದನ್ನು ನಂಬಬೇಡಿ, ಅದು ಆಸಿಡ್ ಕಡಿಮೆ ಮಾಡುವ ಮಾತ್ರೆಯೊಂದಕ್ಕೇ ಅಡಗುತ್ತದೆ.

ನಾನು ಎಡವಿದ್ದು ಇಲ್ಲೇ. ಮೊದಲ ಎಂಡೋಸ್ಕೋಪಿಯಲ್ಲಿ ಹೊಟ್ಟೆಯಿಂದ ತೆಗೆದ ಚೂರನ್ನು ಹಳದಿ ಜೆಲ್ಲಿನಲ್ಲಿ ಇಟ್ಟರು, ಸ್ವಲ್ಪ ಹೊತ್ತಿಗೆಲ್ಲಾ ಜೆಲ್ ರಾಣಿ ಬಣ್ಣಕ್ಕೆ ತಿರುಗಿತು. ಈ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ, ಅದರ ಆಸರೆಯಲ್ಲೇ ಆಸಿಡ್ಡಿನ ನಡುವೆ ಬದುಕುತ್ತದೆ. ಬಣ್ಣ ಬದಲಾಗಿದ್ದೂ ಅದಕ್ಕೇ. ಉಸಿರಿನ ಟೆಸ್ಟ್ ಹಿಡಿಯುವುದೂ ಇದನ್ನೇ: ಗುರುತು ಹಾಕಿದ ಯೂರಿಯಾ ಕುಡಿಸಿ, ಆ ಗುರುತು ಉಸಿರಿನಲ್ಲಿ ಹೊರಬರುತ್ತದಾ ಅಂತ ನೋಡುತ್ತಾರೆ.

ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್, ಜೊತೆಗೆ ಅಮಾಕ್ಸಿಸಿಲಿನ್, ಕ್ಲಾರಿಥ್ರೋಮೈಸಿನ್ ಅನ್ನುವ ಎರಡು ಆಂಟಿಬಯಾಟಿಕ್ 14 ದಿನ ನುಂಗಿದೆ. ಬಾಯೆಲ್ಲಾ ಕಹಿ. ತಿಂಗಳಾದ ಮೇಲೆ ಉಸಿರಿನ ಟೆಸ್ಟ್ ನೆಗೆಟಿವ್ ಬಂತು, ಖುಷಿಪಟ್ಟೆ. ಆದರೆ ಅವತ್ತು ಬೆಳಿಗ್ಗೆಯೂ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ತಗೊಂಡಿದ್ದೆ, ಲ್ಯಾಬಿನಲ್ಲಿ ಯಾರೂ ಕೇಳಲಿಲ್ಲ. ಆ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಸುಮ್ನೆ ತಲೆ ತಗ್ಗಿಸಿ ಕೂರುವಂತೆ ಮಾಡುತ್ತದೆ, ಟೆಸ್ಟ್ ಮೋಸ ಹೋಗುತ್ತದೆ. ನಾಲ್ಕು ತಿಂಗಳಲ್ಲಿ ಮಲ ಟಾರಿನ ಹಾಗೆ ಕಪ್ಪಗೆ ಅಂಟಂಟಾಯಿತು, ಮೆಟ್ಟಿಲು ಹತ್ತುವಾಗ ತಲೆ ಸುತ್ತಿತು. ಅಲ್ಸರಿನಿಂದ ರಕ್ತ ಹೋಗುತ್ತಿತ್ತು. ಬಯಾಪ್ಸಿಯಲ್ಲಿ ಅದೇ ಬ್ಯಾಕ್ಟೀರಿಯಾ.

ಈ ಸಲದ ಡಾಕ್ಟರು ಮೊದಲು ಕೇಳಿದ್ದು, "ಗಂಟಲು ನೋವಿಗೆಲ್ಲಾ ಅಜಿಥ್ರೋಮೈಸಿನ್ ತಿನ್ನುತ್ತಿದ್ರಾ?" ಹೌದು, ವರ್ಷಕ್ಕೆರಡು ಸಲ ಮೆಡಿಕಲ್ ಶಾಪಿನಿಂದ ನಾನೇ ತಂದು ತಿನ್ನುತ್ತಿದ್ದೆ. ಅದು ಕ್ಲಾರಿಥ್ರೋಮೈಸಿನ್‌ನ ದಾಯಾದಿ. ಒಂದಕ್ಕೆ ಒಗ್ಗಿದ ಬ್ಯಾಕ್ಟೀರಿಯಾ ಇನ್ನೊಂದಕ್ಕೂ ಬಗ್ಗುವುದಿಲ್ಲ. ಹಾಗಾಗಿ ಎರಡನೇ ಸಲ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್, ಜೊತೆಗೆ ಆಸಿಡ್ ಕಡಿಮೆ ಮಾಡುವ ಮಾತ್ರೆ, ಮತ್ತೆ 14 ದಿನ. ಟೆಟ್ರಾಸೈಕ್ಲಿನ್ ಜೊತೆ ಹಾಲು ಮೊಸರು ಬೇಡ ಅಂದರು, ಮದ್ಯವಂತೂ ಮುಟ್ಟಲೇಬೇಡಿ ಅಂದರು. ಬಿಸ್ಮತ್‌ನಿಂದಲೂ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಅಂಟು, ಕೆಟ್ಟ ವಾಸನೆ, ತಲೆಸುತ್ತು ಸೇರಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಿ.

ಕ್ಯಾನ್ಸರ್ ವಿಷಯಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಎಚ್. ಪೈಲೋರಿ ಸೋಂಕನ್ನು ಕ್ಯಾನ್ಸರ್ ತರುವವುಗಳ ಪಟ್ಟಿಗೆ ಸೇರಿಸಿದೆ. ಸೋಂಕಿರುವ ಬಹುಪಾಲು ಜನಕ್ಕೆ ಕ್ಯಾನ್ಸರ್ ಬರುವುದಿಲ್ಲ. ಆದರೆ ಹೊಟ್ಟೆಯ ಒಳಪದರ ವರ್ಷಾನುಗಟ್ಟಲೆ ಉರಿಯೂತದಿಂದ ಸವೆದು ಬದಲಾಗುವ ಮೊದಲೇ ಇದನ್ನು ಓಡಿಸಿದರೆ ಲಾಭ ಜಾಸ್ತಿ.

ನಿಮ್ಮ ಲೆಕ್ಕ ಇಷ್ಟೇ. ಆಂಟಿಬಯಾಟಿಕ್, ಬಿಸ್ಮತ್ ಬಿಟ್ಟು ಕನಿಷ್ಠ ನಾಲ್ಕು ವಾರ, ಪ್ಯಾಂಟೊಪ್ರಜೋಲ್ ತರದ್ದು ಬಿಟ್ಟು ಎರಡು ವಾರ ಆಗಿರಬೇಕು. ಅಲ್ಸರಿನಿಂದ ರಕ್ತ ಹೋಗಿದ್ದರೆ ಆ ಆಸಿಡ್ ಕಡಿಮೆ ಮಾಡುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ನನಗೆ ಆ ಎರಡು ವಾರ ಎದೆಯುರಿ ಬಂದಾಗ ಆಂಟಾಸಿಡ್ ಸಿರಪ್ ಕುಡಿಯಲು ಹೇಳಿದ್ದರು. ಆಮೇಲೆ ಬಂದ ನೆಗೆಟಿವ್ ರಿಪೋರ್ಟನ್ನು ಮಾತ್ರ ನಂಬಿದೆ.