ಬಚ್ಚಲಿನ ಪರದೆ: ಅಂಟುವುದೇಕೆ, ಬೂಷ್ಟು ಹಿಡಿಯುವುದೇಕೆ?

ಮೂರಡಿ ಅಗಲದ ಬಚ್ಚಲು. ಶವರ್ ಬಿಟ್ಟ ಕೂಡಲೇ ಪರದೆ ಕಾಲಿಗೆ ಅಂಟುತ್ತದೆ, ಕೆಳಅಂಚು ಕಪ್ಪಾಗಿದೆ. ಮ್ಯಾಗ್ನೆಟ್ ಇರುವ ಪರದೆ ತಂದರೂ ಪ್ರಯೋಜನವಾಗಲಿಲ್ಲ.
— ನವನಗರ, ಹುಬ್ಬಳ್ಳಿ

ಆ ಮ್ಯಾಗ್ನೆಟ್ಟು ಕಬ್ಬಿಣದ ಸ್ನಾನದ ತೊಟ್ಟಿಗೆ ಕಚ್ಚಿಕೊಳ್ಳಲೆಂದು ಮಾಡಿದ್ದು. ನಮ್ಮ ಟೈಲ್ಸಿಗೆ ಅದು ಹಿಡಿಯುವುದಿಲ್ಲ. ಇದನ್ನು ಹೇಳದೆ ಮಾರುವವರ ಮೇಲೆ ನನಗೆ ನಿಜಕ್ಕೂ ಕೋಪವಿದೆ.

ಮೊದಲು ಬರೀ ತಣ್ಣೀರು ಬಿಟ್ಟು ನೋಡಿರಿ. ಆಗ ಪರದೆ ಸುಮ್ಮನಿದ್ದರೆ ಕಾರಣ ಬಿಸಿ: ಒಳಗಿನ ಬಿಸಿಗಾಳಿ ಮೇಲೇರಿದಂತೆ ಹೊರಗಿನ ತಂಪುಗಾಳಿ ಕೆಳಗಿನಿಂದ ನುಗ್ಗಿ ಪರದೆಯನ್ನು ಒಳಕ್ಕೆ ತಳ್ಳುತ್ತದೆ. ತಣ್ಣೀರಿನಲ್ಲೂ ಅಂಟಿದರೆ, ರಭಸದಿಂದ ಬೀಳುವ ಹನಿಗಳು ಗಾಳಿಯನ್ನು ಸುಳಿಯಂತೆ ತಿರುಗಿಸಿ ಒಳಗಿನ ಒತ್ತಡವನ್ನು ತಗ್ಗಿಸುತ್ತಿವೆ ಎಂದರ್ಥ. 2001ರಲ್ಲಿ ಅಮೆರಿಕದ ಎಂಜಿನಿಯರಿಂಗ್ ಪ್ರಾಧ್ಯಾಪಕ ಡೇವಿಡ್ ಶ್ಮಿಟ್ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದು ಈ ಸುಳಿಯನ್ನೇ. ಹಾಗಿದ್ದರೆ ನೀರಿನ ರಭಸ ಇಳಿಸಿ, ಶವರಿನ ಮುಖವನ್ನು ಗೋಡೆಯತ್ತ ತಿರುಗಿಸಿರಿ.

ನಿಮ್ಮಂಥದೇ ಒಂದು ಬಚ್ಚಲನ್ನು ಸರಿಪಡಿಸಿದ್ದೇನೆ. ಅಲ್ಲಿ ಮೂರಡಿ ಬಾಯಿಗೆ ಆರಡಿ ಅಗಲದ, ನೆಲಕ್ಕೆ ಎಳೆದಾಡುವ ಪರದೆ ಹಾಕಿದ್ದರು. ರಾಡನ್ನು ಶವರಿನಿಂದ ಆರು ಇಂಚು ಹೊರಕ್ಕೆ ಸರಿಸಿದೆವು. ಪರದೆಯನ್ನು ನಾಲ್ಕೂವರೆ ಅಡಿಗೆ ಇಳಿಸಿ, ನೆಲದಿಂದ ಎರಡು ಇಂಚು ಮೇಲೆ ನಿಲ್ಲುವಂತೆ, ಆದರೆ ಕಟ್ಟೆಯ ಒಳಬದಿಗೇ ಇಳಿಯುವಂತೆ ಕತ್ತರಿಸಿದೆವು. ಎರಡು ಮೂಲೆಗೂ ನಡುವಿಗೂ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ ತೂಕಗಳನ್ನು ಹಾಕಿದೆವು. ಬರಿಯ ಕಬ್ಬಿಣವಾದರೆ ತುಕ್ಕಿನ ಕಲೆ ಬೀಳುತ್ತದೆ. ತೂಕ ಅಂಚನ್ನು ಹಿಡಿದಿಡುತ್ತದೆಯೇ ಹೊರತು ಗಾಳಿಯನ್ನು ನಿಲ್ಲಿಸುವುದಿಲ್ಲ. ಅಲ್ಲಿ ಹೆಚ್ಚಿನ ಗುಣ ಬಂದದ್ದು ರಾಡನ್ನು ಸರಿಸಿದ್ದರಿಂದ. ತೂಕ ಹಾಕಿದ ಮೇಲೆ ಒತ್ತಿ ನಿಲ್ಲಿಸುವ ರಾಡನ್ನು ನಾನು ನಂಬುವುದಿಲ್ಲ. ಸೋಪಿನ ಜಿಡ್ಡು ಹತ್ತಿದ ಟೈಲಿನ ಮೇಲೆ ಅದರ ರಬ್ಬರ್ ತುದಿ ಮೆಲ್ಲಗೆ ಜಾರುತ್ತದೆ, ಆದ್ದರಿಂದ ಸ್ಕ್ರೂ ಹಾಕಿಸಿರಿ.

ಇನ್ನು ಆ ಕಪ್ಪು. ಬೋರಿನ ಗಡಸು ನೀರಿಗೆ ಸೋಪು ಸೇರಿದರೆ ಬೂದುಬಣ್ಣದ ಜಿಡ್ಡು ಕಟ್ಟುತ್ತದೆ. ಬೂಷ್ಟು ಬೆಳೆಯುವುದು ಆ ಜಿಡ್ಡಿನ ಮೇಲೆ, ಪರದೆಯ ಒದ್ದೆ ಮಡಿಕೆಗಳೊಳಗೆ. ಸ್ನಾನವಾದ ಮೇಲೆ ಪರದೆಯನ್ನು ಒಂದು ಬದಿಗೆ ಒತ್ತರಿಸಿಡುವುದೇ ದೊಡ್ಡ ತಪ್ಪು. ಪೂರ್ತಿ ಹರವಿ, ಕೆಳಅಂಚನ್ನು ಕೈಯಿಂದ ಒಮ್ಮೆ ಜಾಡಿಸಿ, ಫ್ಯಾನನ್ನು ಅರ್ಧ ಗಂಟೆ ಬಿಡಿರಿ. ಧಾರವಾಡದ ಕಡೆಯ ಜಡಿಮಳೆಯಲ್ಲಿ ಬರೀ ಕಿಟಕಿ ತೆರೆದರೆ ಸಾಲದು. ಹದಿನೈದು ದಿನಕ್ಕೊಮ್ಮೆ ಉಗುರುಬೆಚ್ಚನೆಯ ನೀರು, ಸೋಪಿನ ಪುಡಿ ಹಾಕಿ ಮೆತ್ತನೆಯ ಬ್ರಶ್ಶಿನಿಂದ ಉಜ್ಜಿರಿ. ಉಜ್ಜಿದರೂ ಹೋಗದ ಚುಕ್ಕೆ ಪ್ಲಾಸ್ಟಿಕ್ಕಿನೊಳಗೇ ಇಳಿದಿರುತ್ತದೆ. ಆಗ ಪರದೆಯನ್ನೇ ಬದಲಿಸಿರಿ.

ಹೊಸ ಪರದೆಯನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಬೂಷ್ಟು ಬರುವುದೇ ಇಲ್ಲವಂತೆ, ನಿಜವೇ?
— ಗದಗ

ಸುಳ್ಳು; ಪ್ಲಾಸ್ಟಿಕ್ಕಿನ ಮೇಲಿನ ಉಪ್ಪು ಮೊದಲ ಸ್ನಾನಕ್ಕೇ ತೊಳೆದುಹೋಗುತ್ತದೆ.

ಬ್ಲೀಚಿಂಗ್ ಪುಡಿಗೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬೆರೆಸಿ ತೊಳೆಯಬಹುದೇ?
— ಹಾವೇರಿ

ಎಂದಿಗೂ ಬೇಡ. ಎರಡೂ ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ, ಸಣ್ಣ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಈಗಾಗಲೇ ಬೆರೆಸಿದ್ದರೆ ಅದನ್ನು ಮುಟ್ಟದೆ ತಕ್ಷಣ ಹೊರಗೆ ಬನ್ನಿರಿ.